ಸಂಗೀತ ವಿದ್ಯಾಲಯದಲ್ಲಿ ಸ್ತ್ರೀಯರ ಪ್ರವೇಶವೂ ರಚನಾಧಿಕಾರವೂ: ಪ್ಯಾರಿಸ್ ಕನ್ಸರ್ವತ್ವಾರಿನ ನಿದರ್ಶನ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಅಲ್ಲಿ ಸ್ತ್ರೀಯರಿಗೆ ಪ್ರವೇಶವು ಯಾವ ವರ್ಷ ದೊರೆಯಿತು ಎಂಬುದು. ಪ್ರವೇಶದ ವರ್ಷವೊಂದು ದೊರೆತರೆ ಅದಕ್ಕೆ ಮುಂಚಿನ ಕಾಲವನ್ನು ನಿಷೇಧದ ಯುಗವೆಂದೂ ಅನಂತರದ ಕಾಲವನ್ನು ಸಮಾನತೆಯ ಯುಗವೆಂದೂ ವಿಭಾಗಿಸುವುದು ಸುಲಭವಾಗುತ್ತದೆ. ಈ ಕ್ರಮವು ಎಲ್ಲ ಸಂಸ್ಥೆಗಳಿಗೂ ಸಲ್ಲುವುದಿಲ್ಲ. ಯೂರೋಪಿನ ಸಂಗೀತ ವಿದ್ಯಾಲಯಗಳಲ್ಲಿ ಅತ್ಯಂತ ಪ್ರಭಾವಶಾಲಿಯಾಗಿದ್ದ ಪ್ಯಾರಿಸ್ ಕನ್ಸರ್ವತ್ವಾರ್ ಇದಕ್ಕೆ ಉತ್ತಮ ನಿದರ್ಶನ. ಆ ವಿದ್ಯಾಲಯದ ಹೆಬ್ಬಾಗಿಲು ಸ್ಥಾಪನೆಯ ದಿನದಿಂದಲೂ ಸ್ತ್ರೀಯರಿಗೆ ತೆರೆದೇ ಇದ್ದಿತು. ಆದರೂ ಅಲ್ಲಿಂದ ಹೊರಟ ಒಬ್ಬ ಸ್ತ್ರೀ ಸಂಗೀತ ರಚನೆಗಾಗಿ ಫ್ರಾನ್ಸ್ ದೇಶದ ಪರಮೋಚ್ಚ ಪಾರಿತೋಷಕವನ್ನು ಪಡೆಯಲು 118 ವರ್ಷಗಳು ಹಿಡಿದವು. ಬಾಗಿಲು ತೆರೆದಿದ್ದರೂ ಈ ವಿಳಂಬ ಹೇಗೆ ಸಂಭವಿಸಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ವಿಷಯವನ್ನು ಪ್ರವೇಶಿಸುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ನಮ್ಮ ಸಂಗೀತ ಸಂಪ್ರದಾಯದಲ್ಲಿ ವಾಗ್ಗೇಯಕಾರನು ಹಾಡುತ್ತಲೇ ಕೃತಿಯನ್ನು ರಚಿಸಬಲ್ಲನು. ಶಿಷ್ಯರು ಅದನ್ನು ಕೇಳಿ ಕಲಿತು ಉಳಿಸಿಕೊಳ್ಳುವರು. ರಾಗ ತಾಳಗಳ ಪೂರ್ಣಜ್ಞಾನವಿರುವ ಗಾಯಕನಿಗೂ ರಚನಕಾರನಿಗೂ ನಡುವೆ ಪಾಠಶಾಲೆಯು ಕಟ್ಟಿದ ಗೋಡೆ ಇಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ, ಅದರಲ್ಲಿಯೂ ವಾದ್ಯವೃಂದಕ್ಕಾಗಿ ಬರೆಯುವ ದೊಡ್ಡ ಕೃತಿಗಳಲ್ಲಿ, ಸ್ಥಿತಿ ಬೇರೆ. ಅಲ್ಲಿ ಅನೇಕ ಧ್ವನಿಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳಲ್ಲಿ ನಡೆಯುತ್ತವೆ. ಅವು ಒಂದರೊಡನೊಂದು ಹೇಗೆ ಹೊಂದಬೇಕೆಂಬುದು ಹಾರ್ಮನಿ. ಪ್ರತಿಯೊಂದೂ ತನ್ನ ಗತಿಯನ್ನು ಉಳಿಸಿಕೊಂಡು ಇನ್ನೊಂದರೊಡನೆ ಹೇಗೆ ಸಾಗಬೇಕೆಂಬುದು ಕೌಂಟರ್‌ಪಾಯಿಂಟ್. ಒಂದೇ ಸ್ವರವಾಕ್ಯವನ್ನು ಧ್ವನಿಯಿಂದ ಧ್ವನಿಗೆ ದಾಟಿಸುತ್ತ ಬೆಳೆಸುವ ಕಟ್ಟುನಿಟ್ಟಿನ ಬಂಧ ಫ್ಯೂಗ್. ಇವೆಲ್ಲವನ್ನೂ ಕಾಗದದ ಮೇಲೆ ಬರೆದು, ಗುರುವಿನಿಂದ ತಿದ್ದಿಸಿಕೊಂಡು, ವರ್ಷಗಟ್ಟಲೆ ಅಭ್ಯಾಸ ಮಾಡಬೇಕು. ಈ ತರಗತಿಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದು ಇರುವುದರಿಂದ, ನಡುವಣ ಒಂದು ಮೆಟ್ಟಿಲನ್ನು ತೆಗೆದುಹಾಕಿದರೂ ಮೇಲಿನ ಅಂತಸ್ತನ್ನು ಮುಟ್ಟುವುದು ದುಸ್ಸಾಧ್ಯವಾಗುತ್ತದೆ. ಸ್ತ್ರೀಯರ ವಿಷಯದಲ್ಲಿ ಪ್ಯಾರಿಸ್ಸಿನಲ್ಲಿ ನಡೆದದ್ದು ಇದೇ.

ಕನ್ಸರ್ವತ್ವಾರ್ ಸ್ಥಾಪಿತವಾದದ್ದು ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ, 1795ರ ಆಗಸ್ಟ್ ತಿಂಗಳಿನ ಶಾಸನದಿಂದ. ಅದರ ಶಿಕ್ಷಣವು ಉಭಯ ಲಿಂಗದ ವಿದ್ಯಾರ್ಥಿಗಳಿಗೂ ಉದ್ದಿಷ್ಟವಾಗಿದ್ದಿತು. ಇದಕ್ಕೆ ಕಾರಣ ಸಮಾನತೆಯ ತತ್ತ್ವವೊಂದೇ ಅಲ್ಲ. ಪ್ರಯೋಜನದ ದೃಷ್ಟಿಯೂ ಇದ್ದಿತು. ಗೀತನಾಟಕದ ರಂಗಕ್ಕೆ ಗಾಯಕಿಯರು ಬೇಕೇ ಬೇಕು. ಅವರನ್ನು ಸಿದ್ಧಗೊಳಿಸುವ ಕಾರ್ಯವನ್ನು ರಾಜ್ಯವು ಕ್ರಾಂತಿಗೆ ಮುಂಚೆಯೇ, 1784ರಲ್ಲಿ ಸ್ಥಾಪಿಸಿದ ರಾಜಗಾಯನ ಶಾಲೆಯ ಮೂಲಕ, ಕೈಗೊಂಡಿದ್ದಿತು. ಹೀಗೆ ಬಂದ ಸ್ತ್ರೀಯರು ಗಾಯನ, ಪಿಯಾನೋ, ಹಾರ್ಪ್ ಮೊದಲಾದ ತರಗತಿಗಳನ್ನು ತುಂಬಿದರು. ಪುರುಷರಿಗೂ ಸ್ತ್ರೀಯರಿಗೂ ಪಿಯಾನೋ ತರಗತಿಗಳು ಪ್ರತ್ಯೇಕವಾಗಿದ್ದವು. ಊದುವ ವಾದ್ಯಗಳು ಪುರುಷರ ಪಾಲಿನವು. ಹಾರ್ಮನಿಯಲ್ಲಿ ಸ್ತ್ರೀಯರಿಗೆ ದೊರೆತದ್ದು ಮುಖ್ಯವಾಗಿ ಕೀಲಿಮಣೆಯ ಮೇಲೆ ಪಕ್ಕವಾದ್ಯ ನುಡಿಸಲು ಬೇಕಾಗುವಷ್ಟು ಪ್ರಾಯೋಗಿಕ ಜ್ಞಾನ. ಇತರರು ಬರೆದುದನ್ನು ನುಡಿಸಲು ಅದು ಸಾಕು. ತಾನೇ ಬರೆಯಲು ಸಾಲದು.

ಪ್ರಾರಂಭದ ವರ್ಷಗಳಲ್ಲಿ ಒಂದು ಗಮನಾರ್ಹವಾದ ಅಪವಾದವನ್ನು ಕಾಣುತ್ತೇವೆ. ಏಲೆನ್ ದ ಮೊಂಜೆರೂ ಎಂಬ ಪಿಯಾನೋ ವಿದುಷಿ 1795ರಲ್ಲಿ ಪ್ರಥಮ ಶ್ರೇಣಿಯ ಅಧ್ಯಾಪಿಕೆಯಾಗಿ ನೇಮಕ ಹೊಂದಿ ಪುರುಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದಳು. 1798ರಲ್ಲಿ ಆಕೆ ಹುದ್ದೆಯನ್ನು ಬಿಟ್ಟಳು. ಸ್ತ್ರೀಯೊಬ್ಬಳು ಪುರುಷರಿಗೆ ಬೋಧಿಸಲಾರಳೆಂಬ ನಿಯಮವೇನೂ ಆರಂಭದಲ್ಲಿ ಇರಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಅಂಥ ರೂಢಿ ಅನಂತರ ಬೆಳೆದುದು. ಚರಿತ್ರೆಯು ಯಾವಾಗಲೂ ಸಂಕೋಚದಿಂದ ಔದಾರ್ಯದ ಕಡೆಗೇ ಸಾಗುವುದೆಂಬ ಊಹೆಯನ್ನು ಇಲ್ಲಿ ಕೈಬಿಡಬೇಕಾಗುತ್ತದೆ.

ಮೆಟ್ಟಿಲು ಕಾಣೆಯಾದರೆ ಏನಾಗುತ್ತದೆಂಬುದನ್ನು ಲೂಯೀಸ್ ಫರಾಂಕಳ ಜೀವನದಿಂದ ತಿಳಿಯಬಹುದು. ಆಕೆ 1804ರಲ್ಲಿ ಪ್ಯಾರಿಸ್ಸಿನ ದ್ಯೂಮೊಂ ಎಂಬ ಶಿಲ್ಪಿಗಳ ಮನೆತನದಲ್ಲಿ ಜನಿಸಿದಳು. ಆ ಮನೆಯಲ್ಲಿ ಕಲಾಶಿಕ್ಷಣಕ್ಕೆ ಕೊರತೆಯಿರಲಿಲ್ಲ. ತಂದೆ ಶಿಲ್ಪಕ್ಕಾಗಿ ರೋಮ್ ಪಾರಿತೋಷಕವನ್ನು ಗಳಿಸಿದ್ದವನು, ಸಹೋದರ ಓಗ್ಯುಸ್ತ್ 1823ರಲ್ಲಿ ಅದೇ ಪಾರಿತೋಷಕವನ್ನು ಪಡೆದನು. ಲೂಯೀಸಳಿಗೆ ಪಿಯಾನೋದಲ್ಲಿಯೂ ರಚನೆಯಲ್ಲಿಯೂ ಅಸಾಧಾರಣ ಪ್ರತಿಭೆಯಿದ್ದುದನ್ನು ಮನೆಯವರು ಗುರುತಿಸಿದರು. ಆದರೆ ಆಕೆಗೆ 15 ವರ್ಷವಾದಾಗ, 1819ರಲ್ಲಿ, ಕನ್ಸರ್ವತ್ವಾರಿನ ಕೌಂಟರ್‌ಪಾಯಿಂಟ್ ಮತ್ತು ರಚನೆಯ ತರಗತಿಗಳು ಸ್ತ್ರೀಯರಿಗೆ ತೆರೆದಿರಲಿಲ್ಲ. ಆದ್ದರಿಂದ ಆ ತರಗತಿಯ ಅಧ್ಯಾಪಕನೇ ಆಗಿದ್ದ ಆಂತೋನ್ ರೈಖನ ಬಳಿ ಆಕೆ ಖಾಸಗಿಯಾಗಿ ಪಾಠ ಹೇಳಿಸಿಕೊಂಡಳು. ಗುರುವೂ ಅವನೇ, ವಿದ್ಯೆಯೂ ಅದೇ. ವಿದ್ಯಾಲಯದ ಗೋಡೆಯ ಒಳಗೆ ಕೂಡದುದು ಹೊರಗೆ ಕೂಡುತ್ತಿದ್ದಿತು. ಅಂದಮೇಲೆ ಸ್ತ್ರೀಯರಿಗೆ ಈ ಶಾಸ್ತ್ರವು ಗ್ರಾಹ್ಯವಲ್ಲವೆಂಬ ವಾದವನ್ನು ಅಧ್ಯಾಪಕರೇ ಪೂರ್ಣವಾಗಿ ನಂಬಿದ್ದರೆಂದು ಹೇಳುವುದು ಕಷ್ಟ. ತಡೆಯಲ್ಪಟ್ಟುದು ವಿದ್ಯೆಯಲ್ಲ, ವಿದ್ಯೆಯೊಡನೆ ಬರುವ ಪರೀಕ್ಷೆ, ಪದವಿ ಮತ್ತು ಸ್ಪರ್ಧೆಯ ಅಧಿಕಾರ.

ಆಕೆ 1821ರಲ್ಲಿ ಕೊಳಲುವಾದಕನೂ ಸಂಗೀತ ಪ್ರಕಾಶಕನೂ ಆದ ಅರಿಸ್ತೀಡ್ ಫರಾಂಕನನ್ನು ವಿವಾಹವಾದಳು. 1842ರಲ್ಲಿ ಕನ್ಸರ್ವತ್ವಾರು ಆಕೆಯನ್ನು ಸ್ತ್ರೀಯರ ತರಗತಿಗೆ ಪಿಯಾನೋ ಅಧ್ಯಾಪಿಕೆಯಾಗಿ ನೇಮಿಸಿತು. ಆ ಹುದ್ದೆಯಲ್ಲಿ ಆಕೆ ಸುಮಾರು 30 ವರ್ಷ ಮುಂದುವರಿದಳು. ಆದರೆ ಸಮಾನ ದರ್ಜೆಯ ಪುರುಷ ಸಹೋದ್ಯೋಗಿಗಳಿಗಿಂತ ಕಡಿಮೆಯಾದ ವೇತನ ಆಕೆಗೆ ಗೊತ್ತಾಯಿತು. ಈ ಅವಧಿಯಲ್ಲಿಯೇ ಆಕೆ ಮೂರು ಸಿಂಫನಿಗಳನ್ನು ಬರೆದಳು. ಮೂರನೆಯದನ್ನು 1849ರಲ್ಲಿ ಕನ್ಸರ್ವತ್ವಾರಿನ ಸಂಗೀತ ಸಭೆಯ ವಾದ್ಯವೃಂದವೇ ನುಡಿಸಿತು. 1850ರಲ್ಲಿ ಒಂಬತ್ತು ವಾದ್ಯಗಳಿಗಾಗಿ ಬರೆದ ಆಕೆಯ ನೊನೆಟ್ ಕೃತಿಯು, ಆಗ ತರುಣನಾಗಿದ್ದ ಪಿಟೀಲುವಾದಕ ಯೋಸೆಫ್ ಯೋಆಖಿಮನ ಸಹಭಾಗದಲ್ಲಿ ಪ್ರದರ್ಶಿತವಾಗಿ ಬಹಳ ಯಶಸ್ವಿಯಾಯಿತು. ಆ ಯಶಸ್ಸಿನ ಬಲದಿಂದ ಆಕೆ ನಿರ್ದೇಶಕ ಒಬೇರನಿಗೆ ಪತ್ರ ಬರೆದು ಸಮಾನ ವೇತನವನ್ನು ಕೇಳಿದಳು, ಪಡೆದಳು.

ಈ ಘಟನೆಯನ್ನು ವಿಜಯವೆಂದು ಎಣಿಸುವುದು ನ್ಯಾಯವೇ. ಆದರೂ ಅದರ ಒಳವಿವರವನ್ನು ಗಮನಿಸಬೇಕು. ಪಿಯಾನೋ ಪಾಠಕ್ಕೆ ಸಲ್ಲಬೇಕಾದ ಸಮಾನ ವೇತನವನ್ನು ಪಡೆಯಲು ಆಕೆ ಎಂಟು ವರ್ಷ ಕಾಯಬೇಕಾಯಿತು. ಆ ಬೇಡಿಕೆಗೆ ಬಲವನ್ನು ಒದಗಿಸಿದ್ದು ರಚನಕಾರ್ತಿಯೆಂಬ ಕೀರ್ತಿ. ಹೀಗಿದ್ದರೂ ರಚನೆಯನ್ನು ಬೋಧಿಸುವ ಪೀಠ ಆಕೆಗೆ ದೊರೆಯಲಿಲ್ಲ. ಫ್ರೆಂಚ್ ಕಲಾ ಅಕಾಡೆಮಿಯು ಆಕೆಯ ವಾದ್ಯಕೃತಿಗಳಿಗೆ 1861ರಲ್ಲಿಯೂ 1869ರಲ್ಲಿಯೂ ಶಾರ್ತಿಯೆ ಪಾರಿತೋಷಕವನ್ನು ಕೊಟ್ಟು ಗೌರವಿಸಿತಾದರೂ ಆಕೆಯ ಸಿಂಫನಿಗಳು ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಅಚ್ಚಾಗದ ಸಿಂಫನಿ ಮತ್ತೊಂದು ಊರಿನ ವಾದ್ಯವೃಂದಕ್ಕೆ ಸುಲಭವಾಗಿ ದೊರೆಯುವುದಿಲ್ಲ. ದೊರೆಯದುದು ಕ್ರಮೇಣ ಮರೆತುಹೋಗುತ್ತದೆ. 1875ರಲ್ಲಿ ಆಕೆ ತೀರಿಕೊಂಡ ಬಳಿಕ ಅವುಗಳಿಗೆ ಒದಗಿದ ಗತಿ ಇದೇ. ಅವು ಮತ್ತೆ ಕೇಳಿಬಂದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ.

ವಿದ್ಯಾಲಯದ ನಿಯಮವೊಂದೇ ಅಡ್ಡಿಯಾಗಿದ್ದಿತೆಂದು ಭಾವಿಸಬಾರದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಾರ್ಮನಿ, ಫ್ಯೂಗ್, ರಚನೆಗಳ ತರಗತಿಗಳಿಗೆ ಸ್ತ್ರೀಯರು ಕ್ರಮಕ್ರಮವಾಗಿ ಬರತೊಡಗಿದರು. ಆದರೆ 1857ರಲ್ಲಿ ಜನಿಸಿದ ಸೆಸೀಲ್ ಶಾಮಿನಾದಳಿಗೆ ಕನ್ಸರ್ವತ್ವಾರಿಗೆ ಸೇರಲು ತಂದೆಯೇ ಒಪ್ಪಿಗೆ ಕೊಡಲಿಲ್ಲ. ಮಧ್ಯಮವರ್ಗದ ಕನ್ಯೆಯೊಬ್ಬಳು ವೃತ್ತಿಸಂಗೀತದ ಶಾಲೆಗೆ ಹೋಗುವುದು ಆ ಮನೆಯ ಮರ್ಯಾದೆಗೆ ಒಗ್ಗದ ವಿಷಯ. ಆಕೆಯೂ ಕನ್ಸರ್ವತ್ವಾರಿನ ಅಧ್ಯಾಪಕರಲ್ಲಿಯೇ ಖಾಸಗಿಯಾಗಿ ಕಲಿತು ಸುಪ್ರಸಿದ್ಧಳಾದಳು. ಫರಾಂಕಳಿಗೆ ಮನೆ ತೆರೆದು ಶಾಲೆ ಮುಚ್ಚಿದ್ದರೆ ಶಾಮಿನಾದಳಿಗೆ ಶಾಲೆ ತೆರೆದು ಮನೆ ಮುಚ್ಚಿದ್ದಿತು. ಇಬ್ಬರಿಗೂ ವಿದ್ಯೆ ದೊರೆತದ್ದು ಖಾಸಗಿ ಪಾಠದ ವೆಚ್ಚವನ್ನು ಭರಿಸಬಲ್ಲ ಕುಟುಂಬಗಳಲ್ಲಿ ಹುಟ್ಟಿದ್ದರಿಂದ. ಅಂಥ ಅನುಕೂಲವಿಲ್ಲದ ಹೆಣ್ಣುಮಕ್ಕಳ ಹೆಸರುಗಳು ರಚನಕಾರರ ಚರಿತ್ರೆಯಲ್ಲಿ ಬರುವ ಸಂಭವವೇ ಇರಲಿಲ್ಲ.

ಇನ್ನು ಮೆಟ್ಟಿಲಿನ ತುದಿಗೆ ಬರೋಣ. ಫ್ರಾನ್ಸಿನಲ್ಲಿ ರಚನಾಶಿಕ್ಷಣದ ಗುರಿಯೇ ರೋಮ್ ಪಾರಿತೋಷಕವಾಗಿದ್ದಿತು. ಚಿತ್ರ ಶಿಲ್ಪಗಳಿಗೆ ಮೊದಲಿನಿಂದಲೂ ಇದ್ದ ಈ ಪಾರಿತೋಷಕವನ್ನು 1803ರಲ್ಲಿ ಸಂಗೀತಕ್ಕೂ ವಿಸ್ತರಿಸಲಾಯಿತು. ಸ್ಪರ್ಧಿಯು 30 ವರ್ಷದೊಳಗಿನ ಅವಿವಾಹಿತ ಫ್ರೆಂಚ್ ಪ್ರಜೆಯಾಗಿರಬೇಕು. ಮೊದಲನೆಯ ಸುತ್ತಿನಲ್ಲಿ ಸ್ಪರ್ಧಿಗಳನ್ನು ಕೆಲವು ದಿನ ಕೊಠಡಿಗಳಲ್ಲಿ ಪ್ರತ್ಯೇಕಿಸಿಟ್ಟು, ಕೊಟ್ಟ ಸ್ವರವಾಕ್ಯದ ಮೇಲೆ ಒಂದು ಫ್ಯೂಗನ್ನೂ, ವಾದ್ಯವೃಂದ ಸಹಿತವಾದ ಒಂದು ಮೇಳಗಾನವನ್ನೂ ಬರೆಸುತ್ತಿದ್ದರು. ಹೆಚ್ಚೆಂದರೆ ಆರು ಮಂದಿ ಎರಡನೆಯ ಸುತ್ತಿಗೆ ಆಯ್ಕೆಯಾಗುತ್ತಿದ್ದರು. ಅವರು ಸುಮಾರು ನಾಲ್ಕು ವಾರಗಳ ಕಾಲ ಹೊರಗಿನವರ ಸಂಪರ್ಕವಿಲ್ಲದೆ ಒಂದೇ ಕಟ್ಟಡದಲ್ಲಿದ್ದು, ಒಂದೇ ಪದ್ಯಭಾಗಕ್ಕೆ ಕಾಂತಾತ, ಎಂದರೆ ರಂಗವಿಲ್ಲದ ಕಿರು ಗೀತನಾಟಕವನ್ನು, ರಚಿಸಬೇಕಾಗಿದ್ದಿತು. 20ನೆಯ ಶತಮಾನದ ಆರಂಭದಲ್ಲಿ ಈ ವಾಸವು ಕೊಂಪಿಯೆನ್ ಅರಮನೆಯಲ್ಲಿ ನಡೆಯುತ್ತಿದ್ದಿತು. ಅಂತಿಮ ತೀರ್ಪನ್ನು ಕೊಡುತ್ತಿದ್ದವರು ಸಂಗೀತಜ್ಞರು ಮಾತ್ರವಲ್ಲ. ಚಿತ್ರಕಾರರೂ ಶಿಲ್ಪಿಗಳೂ ವಾಸ್ತುಶಿಲ್ಪಿಗಳೂ ಕೂಡಿದ ಇಡೀ ಕಲಾ ಅಕಾಡೆಮಿಯು ಮತ ನೀಡುತ್ತಿದ್ದಿತು. ಗೆದ್ದವನಿಗೆ ರೋಮಿನ ವಿಲ್ಲಾ ಮೆದಿಚಿಯಲ್ಲಿ ಸರ್ಕಾರದ ವೆಚ್ಚದಲ್ಲಿ ವರ್ಷಗಟ್ಟಲೆ ವಾಸ. ಹಿಂದಿರುಗಿದ ಬಳಿಕ ರಂಗಮಂದಿರ, ಪ್ರಕಾಶನ, ಅಧ್ಯಾಪಕಪೀಠಗಳಿಗೆ ದಾರಿ.

1903ರಲ್ಲಿ ಶಿಕ್ಷಣ ಸಚಿವ ಜೋಸೆಫ್ ಷೋಮಿಯೆಯು ಈ ಸ್ಪರ್ಧೆಯನ್ನು ಸ್ತ್ರೀಯರಿಗೂ ತೆರೆದನು. ಆ ವರ್ಷವೇ ಜೂಲಿಯೆಟ್ ತೂತೆಂ ಎಂಬ ಕನ್ಸರ್ವತ್ವಾರಿನ ಪ್ರತಿಭಾವಂತೆ ಸ್ಪರ್ಧಿಸಬಹುದೆಂಬ ನಿರೀಕ್ಷೆಯಿದ್ದಿತು. ಆಗ ಎದ್ದ ಪ್ರಶ್ನೆ ಸಂಗೀತದ್ದಲ್ಲ, ವಸತಿಯದು. ಯುವಕರ ನಡುವೆ, ಒಂದೇ ಕಟ್ಟಡದಲ್ಲಿ, ಅವಿವಾಹಿತ ಯುವತಿ ದಿನಗಟ್ಟಲೆ ಇರುವುದು ಹೇಗೆ? ಊಟ ಎಲ್ಲಿ? ಜೊತೆಗೆ ಹಿರಿಯ ಸ್ತ್ರೀಯೊಬ್ಬಳು ಇರಬಹುದೆ? ಕುಟುಂಬದವರು ಪ್ರತ್ಯೇಕ ಏರ್ಪಾಟನ್ನು ಕೇಳಿದರು. ವಿಷಯವು ಅವರಿಗೆ ತೃಪ್ತಿಯಾಗುವಂತೆ ಇತ್ಯರ್ಥವಾಗದೆ ಆಕೆ ಸ್ಪರ್ಧೆಗೆ ಹಾಜರಾಗಲಿಲ್ಲ. ನಿಯಮದ ಪುಸ್ತಕದಲ್ಲಿ ಆಗ ಸ್ತ್ರೀಯರ ವಿರುದ್ಧ ಒಂದಕ್ಷರವೂ ಇರಲಿಲ್ಲ. ಆದರೆ ಆ ನಿಯಮದ ಹಿಂದಿದ್ದ ಕೊಠಡಿ, ಊಟದ ಮೇಜು, ಕಾವಲು ಎಲ್ಲವೂ ಪುರುಷರನ್ನೇ ಊಹಿಸಿಕೊಂಡು ಏರ್ಪಟ್ಟಿದ್ದವು. ಅದನ್ನು ಬದಲಾಯಿಸದೆ ಅನುಮತಿಯನ್ನು ಮಾತ್ರ ಕೊಟ್ಟರೆ, ಕುಟುಂಬದ ಮರ್ಯಾದೆಯನ್ನೋ ಸ್ಪರ್ಧೆಯನ್ನೋ ಒಂದನ್ನು ಬಿಡುವ ಭಾರವು ಯುವತಿಯ ಮೇಲೆ ಬೀಳುತ್ತದೆ.

ಮರುವರ್ಷ, 1904ರಲ್ಲಿ, ಏಲೆನ್ ಫ್ಲರಿ ಎಂಬಾಕೆ ಮೂರನೆಯ ಸ್ಥಾನವನ್ನು ಪಡೆದು ಸಂಗೀತ ವಿಭಾಗದಲ್ಲಿ ಪಾರಿತೋಷಕ ಗಳಿಸಿದ ಪ್ರಥಮ ಸ್ತ್ರೀಯಾದಳು. ಅನಂತರ ಬಂದವಳು ನಾದಿಯಾ ಬುಲಾಂಜೆ. ಆಕೆಯ ತಂದೆ ಎರ್ನೆಸ್ತ್ 1835ರಲ್ಲಿ ಇದೇ ಪಾರಿತೋಷಕವನ್ನು ಗೆದ್ದು ಕನ್ಸರ್ವತ್ವಾರಿನಲ್ಲಿ ಗಾಯನದ ಅಧ್ಯಾಪಕನಾಗಿದ್ದವನು. 1908ರ ಮೊದಲನೆಯ ಸುತ್ತಿನಲ್ಲಿ ಗಾಯನಧ್ವನಿಗಳಿಗೆ ಫ್ಯೂಗ್ ಬರೆಯಬೇಕಾಗಿದ್ದಿತು. ಕೊಟ್ಟ ಸ್ವರವಾಕ್ಯವು ಕಂಠಕ್ಕಿಂತ ವಾದ್ಯಕ್ಕೆ ಒಗ್ಗುವುದೆಂದು ತೀರ್ಮಾನಿಸಿ ನಾದಿಯಾ ಅದನ್ನು ತಂತಿವಾದ್ಯ ಚತುಷ್ಟಯಕ್ಕೆ ಬರೆದಳು. ತೀರ್ಪುಗಾರರಲ್ಲಿ ಒಬ್ಬನಾಗಿದ್ದ ಸೇಂ-ಸಾನ್ಸ್ ಇದನ್ನು ನಿಯಮಭಂಗವೆಂದು ತೀವ್ರವಾಗಿ ಆಕ್ಷೇಪಿಸಿದನು. ವಿವಾದವು ಪತ್ರಿಕೆಗಳಿಗೆ ಹರಡಿ, ಕೃತಿಯನ್ನು ಅದರ ಸಂಗೀತಗುಣದಿಂದಲೇ ಅಳೆಯಬೇಕೆಂದು ಸಚಿವನು ಸೂಚಿಸುವವರೆಗೆ ಹೋಯಿತು. ಆಕೆ ಅಂತಿಮ ಸುತ್ತಿಗೆ ಹೋಗಿ ಎರಡನೆಯ ಸ್ಥಾನವನ್ನು ಪಡೆದಳು. 1909ರಲ್ಲಿ ಪುನಃ ಯತ್ನಿಸಿದರೂ ಪ್ರಥಮ ಸ್ಥಾನ ದೊರೆಯಲಿಲ್ಲ.

ಇಲ್ಲಿ ನಾವು ಎಚ್ಚರದಿಂದ ತೀರ್ಮಾನಿಸಬೇಕು. ಸೂಚನೆಯನ್ನು ಮೀರಿದ ಪುರುಷ ಸ್ಪರ್ಧಿಯನ್ನೂ ತೀರ್ಪುಗಾರರು ಆಕ್ಷೇಪಿಸುತ್ತಿದ್ದುದು ಅಸಂಭವವಲ್ಲ. ಆದ್ದರಿಂದ ಆ ಆಕ್ಷೇಪಕ್ಕೆ ಲಿಂಗಭೇದವೊಂದೇ ಕಾರಣವೆಂದು ಸಾಧಿಸುವುದು ಸಾಧ್ಯವಿಲ್ಲ. ಸ್ಪಷ್ಟವಾಗಿ ಹೇಳಬಹುದಾದುದು ಇಷ್ಟು: ತನ್ನ ವಿಚಾರಶಕ್ತಿಯನ್ನು ನಂಬಿ ಹಿರಿಯರ ಸೂಚನೆಯನ್ನು ದಾಟಿದ ಸ್ತ್ರೀಯು ಕೃತಿಯ ವಿಷಯದಲ್ಲಿ ಮಾತ್ರವಲ್ಲದೆ ನಡತೆಯ ವಿಷಯದಲ್ಲಿಯೂ ವಿಚಾರಣೆಗೆ ಒಳಗಾದಳು.

ನಾದಿಯಾಳ ತಂಗಿ ಲಿಲಿ ಬಾಲ್ಯದಿಂದಲೂ ರೋಗಪೀಡಿತೆ. ಜಾರ್ಜ್ ಕೋಸಾದನಲ್ಲಿ ಖಾಸಗಿಯಾಗಿ ಫ್ಯೂಗ್ ಮತ್ತು ಕೌಂಟರ್‌ಪಾಯಿಂಟನ್ನು ಕಲಿತು, 1912ರಲ್ಲಿ ಕನ್ಸರ್ವತ್ವಾರಿನ ರಚನಾ ತರಗತಿಯನ್ನು ಸೇರಿದಳು. ಆ ವರ್ಷ ಸ್ಪರ್ಧೆಯ ನಡುವೆ ಕಾಯಿಲೆಯಿಂದ ಹಿಂದೆ ಸರಿದಳು. 1913ರಲ್ಲಿ ಪುನಃ ಬಂದು, ಫೌಸ್ಟ್ ಮತ್ತು ಹೆಲೆನಳ ಕಥೆಯನ್ನು ಕುರಿತ ಕಾಂತಾತವನ್ನು ಕೊಂಪಿಯೆನ್‌ನಲ್ಲಿ ಬರೆದು ಮುಗಿಸಿದಳು. ಅಕಾಡೆಮಿಯ ಮುಂದೆ ಅದನ್ನು ಹಾಡಿದಾಗ ಪಿಯಾನೋ ನುಡಿಸಿದವಳು ನಾದಿಯಾ. 36 ಮತಗಳಲ್ಲಿ 31 ಲಿಲಿಗೆ ಬಂದವು. ಸಂಗೀತದಲ್ಲಿ ಪ್ರಥಮ ಮಹಾಪಾರಿತೋಷಕವನ್ನು ಪಡೆದ ಮೊದಲ ಸ್ತ್ರೀ ಆಕೆ; ವಯಸ್ಸು 19. ಶಿಲ್ಪ ವಿಭಾಗದಲ್ಲಿ ಲೂಸಿಯೆನ್ ಹ್ಯುವೆಲ್‌ಮಾನ್ಸಳು 1911ರಲ್ಲಿಯೇ ಪ್ರಥಮ ಸ್ಥಾನವನ್ನು ಗಳಿಸಿ ದಾರಿಯನ್ನು ಸ್ವಲ್ಪ ಸುಗಮಗೊಳಿಸಿದ್ದಳು. ಅಕ್ಕನ ಅನುಭವದಿಂದ ತಂಗಿಯು ನಿಯಮದ ಚೌಕಟ್ಟಿನೊಳಗೆ ಹೇಗೆ ನಡೆಯಬೇಕೆಂಬುದನ್ನು ಅರಿತಿದ್ದಳೆಂದು ಊಹಿಸುವುದಕ್ಕೆ ಅವಕಾಶವಿದೆ. ಪತ್ರಿಕೆಗಳು ಆಕೆಯನ್ನು ಕೃಶಾಂಗಿಯಾದ ಮುಗ್ಧ ಬಾಲಿಕೆಯೆಂದು ಚಿತ್ರಿಸಿದುದೂ ಗಮನಾರ್ಹ. ಅಂಥ ಬಾಲಿಕೆಯ ಪ್ರತಿಭೆಯನ್ನು ಮೆಚ್ಚುವುದು, ಹುದ್ದೆಗೆ ಪ್ರತಿಸ್ಪರ್ಧಿಯಾಗಬಲ್ಲ ಪ್ರೌಢ ವಿದುಷಿಯನ್ನು ಮೆಚ್ಚುವುದಕ್ಕಿಂತ ಸುಲಭ. ಲಿಲಿ 1918ರಲ್ಲಿ, 24ನೆಯ ವಯಸ್ಸಿನಲ್ಲಿ, ತೀರಿಕೊಂಡಳು.

ಅನಂತರದ ವೃತ್ತಾಂತದಿಂದ ನಮ್ಮ ವಾದವು ಮತ್ತಷ್ಟು ದೃಢವಾಗುತ್ತದೆ. 1920ರಲ್ಲಿ ಮಾರ್ಗರೀತ್ ಕನಾಲ್, 1923ರಲ್ಲಿ ಜಾನ್ ಲಲ, 1929ರಲ್ಲಿ ಎಲ್ಸಾ ಬರೈನ್ ಪ್ರಥಮ ಪಾರಿತೋಷಕವನ್ನು ಗೆದ್ದರು. ಸ್ಪರ್ಧೆಯ ಬಾಗಿಲು ನಿಜವಾಗಿಯೇ ತೆರೆದಿದ್ದಿತು. ಆದರೆ 1913ರಲ್ಲಿ ಲಿಲಿಯೊಡನೆ ಪ್ರಥಮ ಪಾರಿತೋಷಕವನ್ನು ಪಡೆದ ಕ್ಲೋದ್ ದೆಲ್ವಂಕೂರ್ 1941ರಲ್ಲಿ ಕನ್ಸರ್ವತ್ವಾರಿನ ನಿರ್ದೇಶಕನಾದನು. ನಾದಿಯಾ ಆ ವೇಳೆಗೆ, 1921ರಲ್ಲಿ ಆರಂಭವಾದ ಫಾಂತೆನ್‌ಬ್ಲೋದ ಅಮೆರಿಕನ್ ಶಾಲೆಯಲ್ಲಿ ಪಾಠ ಹೇಳಿ, ಅಮೆರಿಕದ ಒಂದು ತಲೆಮಾರಿನ ರಚನಕಾರರಿಗೆ ಗುರುವೆನಿಸಿದ್ದಳು. ಏರನ್ ಕೋಪ್ಲೆಂಡ್ ಅವರಲ್ಲಿ ಒಬ್ಬನು. ಕನ್ಸರ್ವತ್ವಾರು ಆಕೆಯನ್ನು ಅಧ್ಯಾಪಿಕೆಯಾಗಿ ಕರೆದದ್ದು 1946ರಲ್ಲಿ. ಅದೂ ರಚನೆಯ ಪೀಠಕ್ಕಲ್ಲ, ಪಿಯಾನೋ ಸಹವಾದನದ ತರಗತಿಗೆ. 1957ರವರೆಗೆ ಆಕೆ ಅದನ್ನು ನಿರ್ವಹಿಸಿದಳು. ಪಾರಿತೋಷಕವು 1968ರಲ್ಲಿ ರದ್ದಾಯಿತು. ವಿದ್ಯಾಲಯಕ್ಕೆ ಪ್ರಥಮ ನಿರ್ದೇಶಕಿಯಾಗಿ ಎಮಿಲೀ ದೆಲೋರ್ಮ್ ಅಧಿಕಾರ ವಹಿಸಿಕೊಂಡದ್ದು 2020ರಲ್ಲಿ.

ಮೇಲಿನ ವಿವೇಚನೆಯಿಂದ ಸಂಶೋಧಕರಿಗೆ ಉಪಯುಕ್ತವಾಗಬಹುದಾದ ಒಂದು ಕ್ರಮವನ್ನು ಸೂಚಿಸಬಹುದೆಂದು ತೋರುತ್ತದೆ. ಸಂಗೀತ ವಿದ್ಯಾಲಯವೊಂದರಲ್ಲಿ ಸ್ತ್ರೀಯರ ಸ್ಥಾನವನ್ನು ಅರಿಯಲು ಪ್ರವೇಶಪುಸ್ತಕವೊಂದನ್ನು ನೋಡಿದರೆ ಸಾಲದು. ಪ್ಯಾರಿಸ್ಸಿನ ಪ್ರವೇಶಪುಸ್ತಕವು ಮೊದಲ ವರ್ಷದಿಂದಲೇ ಅನುಕೂಲವಾದ ಸಾಕ್ಷ್ಯವನ್ನು ನುಡಿಯುತ್ತದೆ. ಯಾವ ತರಗತಿಗೆ ಯಾರನ್ನು ಸೇರಿಸಿದರು, ಕೊನೆಯ ಸ್ಪರ್ಧೆಗೆ ಯಾರು ನಿಲ್ಲಬಹುದಾಗಿದ್ದಿತು, ವೇತನಪಟ್ಟಿಯಲ್ಲಿ ಯಾವ ಹೆಸರಿನ ಎದುರು ಯಾವ ಮೊತ್ತವಿದ್ದಿತು, ಯಾವ ವಿಷಯವನ್ನು ಬೋಧಿಸಲು ಯಾರನ್ನು ನೇಮಿಸಿದರು ಎಂಬ ನಾಲ್ಕನ್ನೂ ಜೊತೆಗಿಟ್ಟು ಓದಬೇಕು. ಫರಾಂಕಳ ಕಾಲದಲ್ಲಿ ಮುಚ್ಚಿದ್ದುದು ತರಗತಿ. ತೂತೆಂಳ ಕಾಲಕ್ಕೆ ತರಗತಿ ತೆರೆದು ವಸತಿಯು ಅಡ್ಡಿಯಾಯಿತು. ಲಿಲಿ ಗೆದ್ದ ಮೇಲೆ ಸ್ಪರ್ಧೆಯೂ ತೆರೆಯಿತು, ಆದರೆ ರಚನೆಯನ್ನು ಬೋಧಿಸುವ ಪೀಠವು ನಾದಿಯಾಳಿಗೆ ಕೊನೆಯವರೆಗೂ ದೊರೆಯಲಿಲ್ಲ.